ಬಿಲ್ಲಿಗಿಂತ ಹೆದೆ ಚಿಕ್ಕದು

ಕಳೆದ ವರ್ಷ ನಮ್ಮಲ್ಲಿ ಹತ್ತನೆಯದನ್ನು ಕನ್ನಡದಲ್ಲಿ ಮುಗಿಸಿ ಹೋದ ಹುಡುಗಿಯೊಬ್ಬಳು ಒಂದು ಶನಿವಾರ ಮನೆಗೆ ಬಂದಳು. ಈಗ ಅವಳು ಪ್ಲಸ್ ಟು, ಎಲ್ಲ ಇಂಗ್ಲಿಷಿನಲ್ಲಿ. "ಮಾಷ್ಟ್ರೇ, x ಸೊನ್ನೆಗಿಂತ ದೊಡ್ಡದಾದರೆ sin x ಯಾವಾಗಲೂ x ಗಿಂತ ಚಿಕ್ಕದು ಅಂತಾರಲ್ಲ, ಅದು ಯಾಕೆ?" ಎಂದು ಕೇಳಿದಳು. ನಮಗೆ ಖುಷಿಯೇ ಖುಷಿ. ಕಾಗದ ತೆಗೆದುಕೊಂಡು ಎರಡೇ ಸಾಲಿನಲ್ಲಿ ಬರೆದುಕೊಟ್ಟೆವು. f(x) = x − sin x ಎಂದಿಟ್ಟುಕೋ. ಇದರ ಡೆರಿವೇಟಿವ್ 1 − cos x. ಅದು ಎಂದೂ ಋಣವಾಗದು, ಸೊನ್ನೆಯಾಗುವುದೂ ಎಲ್ಲೋ ಬಿಡಿ ಬಿಂದುಗಳಲ್ಲಿ ಮಾತ್ರ. ಹಾಗಾಗಿ f ಏರುತ್ತಲೇ ಹೋಗುತ್ತದೆ. f(0) ಸೊನ್ನೆ, ಆದ್ದರಿಂದ ಮುಂದೆಲ್ಲ f ಧನ. ಮುಗಿಯಿತು!

ಅವಳು ಸ್ವಲ್ಪ ಹೊತ್ತು ನೋಡಿ, "sin ನ ಡೆರಿವೇಟಿವ್ cos ಅಂತ ಎಲ್ಲಿಂದ ಬಂತು?" ಎಂದಳು. h ಸೊನ್ನೆಯ ಹತ್ತಿರ ಹೋದಾಗ sin h / h ಎಂಬುದು 1ಕ್ಕೆ ಹೋಗುತ್ತದೆ, ಅದರಿಂದ ಎಂದೆವು. "ಅದನ್ನು ಹೇಗೆ ತೋರಿಸಿದ್ದಾರೆ?" ಪುಸ್ತಕ ತೆರೆದು ನೋಡಿದರೆ, sin h < h < tan h ಎಂಬುದರಿಂದಲೇ! ಯಾವುದನ್ನು ಸಾಧಿಸಬೇಕೋ ಅದನ್ನೇ ಊರುಗೋಲು ಮಾಡಿಕೊಂಡಿದ್ದೆವು. ವರ್ಷಗಟ್ಟಲೆ ಹೀಗೇ ಹೇಳುತ್ತ ಬಂದವರು ನಾವು... ಆ ದಿನ ಚಹಾ ತಣ್ಣಗಾಯಿತು. (ಸೈನನ್ನು ಅನಂತ ಶ್ರೇಣಿಯಿಂದಲೇ ವ್ಯಾಖ್ಯಾನಿಸಿದರೆ ಈ ದೋಷ ಇಲ್ಲ. ಆದರೆ ನಮ್ಮ ಮಕ್ಕಳು ಸೈನನ್ನು ಕಲಿಯುವುದು ವೃತ್ತದಿಂದ, ತ್ರಿಭುಜದಿಂದ.)

ಆಮೇಲೆ ನೆನಪಾದದ್ದು ನಮ್ಮದೇ ಪದ, ಜ್ಯಾ. ಜ್ಯಾ ಎಂದರೆ ಬಿಲ್ಲಿನ ಹೆದೆ. ಈಗ ಕನ್ನಡ ಪಠ್ಯದಲ್ಲಿ ಅದು ವೃತ್ತದ ಎರಡು ಬಿಂದುಗಳನ್ನು ಸೇರಿಸುವ ಗೆರೆ. ಹಿಂದಿನ ಜ್ಯೋತಿರ್ಗಣಿತದವರು ಅದರ ಅರ್ಧವನ್ನೇ ಜ್ಯಾ ಎಂದು ಕರೆದು ಬಳಸಿದರು. ಅದೇ ಸೈನ್. ನಾವು ದಿನಾ ಹೇಳುವ ತ್ರಿಜ್ಯ ಕೂಡ ಮೂರು ರಾಶಿಯ, ಅಂದರೆ 90 ಡಿಗ್ರಿಯ ಜ್ಯಾ!

ಅಂಗಳದಲ್ಲಿ ಗೂಟ ನೆಟ್ಟು, 1 ಮೀಟರ್ ಹಗ್ಗದಿಂದ ವೃತ್ತ ಎಳೆದೆವು. ಕೇಂದ್ರದಿಂದ ಒಂದು ಅಡ್ಡಗೆರೆ, ಅದು ವೃತ್ತವನ್ನು ಮುಟ್ಟುವಲ್ಲಿ A. ಅಲ್ಲಿಂದ ಮೇಲಕ್ಕೆ x ರೇಡಿಯನ್ ಹೋದರೆ P, ಕೆಳಕ್ಕೆ ಅಷ್ಟೇ ಹೋದರೆ Q. ತ್ರಿಜ್ಯ 1 ಆದ್ದರಿಂದ AP ಕಂಸದ ಉದ್ದ x, PAQ ಬಿಲ್ಲಿನ ಉದ್ದ 2x. P ಅಡ್ಡಗೆರೆಯಿಂದ sin x ನಷ್ಟು ಮೇಲೆ, Q ಅಷ್ಟೇ ಕೆಳಗೆ. ಅಂದರೆ PQ ಹೆದೆ 2 sin x. ಇನ್ನು PAQ ತ್ರಿಭುಜ ನೋಡಿ: PA ಮತ್ತು AQ ಸೇರಿದರೆ PQ ಗಿಂತ ದೊಡ್ಡದು, ತ್ರಿಭುಜದ ಎರಡು ಬಾಹು ಸೇರಿ ಮೂರನೆಯದಕ್ಕಿಂತ ಯಾವಾಗಲೂ ದೊಡ್ಡದಲ್ಲವೇ? ಕಂಸದ ಉದ್ದವೆಂದರೆ ಅದರೊಳಗೆ ಹಾಕಿದ ಇಂಥ ಮುರಿದ ಗೆರೆಗಳೆಲ್ಲ ಸಮೀಪಿಸುವ, ದಾಟದ ಅಳತೆ. ಹಾಗಾಗಿ ಕಂಸ PA + AQ ಗಿಂತ ಕಡಿಮೆಯಾಗದು. 2 sin x < 2x. ಎರಡೂ ಕಡೆ ಅರ್ಧ ಮಾಡಿ.

ಇದು x ಎಂಬುದು 90 ಡಿಗ್ರಿ, ಅಂದರೆ ಸುಮಾರು 1.57 ಆಗುವವರೆಗೆ. ಆಚೆಗೆ ಬಿಲ್ಲೂ ಬೇಡ, ಹೆದೆಯೂ ಬೇಡ: sin x ಎಂದೂ 1ನ್ನು ದಾಟದು, x ಆಗಲೇ ದಾಟಿದೆ.

x ಗೆ 30 ಡಿಗ್ರಿ ಕೊಟ್ಟು ಹಗ್ಗ ಹಿಡಿದು ಅಳೆದೆವು. ಹೆದೆ ಸರಿಯಾಗಿ 1 ಮೀಟರ್ (ಷಡ್ಭುಜದ ಬಾಹು ತಾನೇ), ಬಿಲ್ಲು ಸುಮಾರು 104.7 ಸೆಂ.ಮೀ. ಅರ್ಧ ಮಾಡಿದರೆ 0.5 ಮತ್ತು 0.5236. ಹುಡುಗಿ ಕ್ಯಾಲ್ಕುಲೇಟರಿನಲ್ಲಿ sin 0.5 ಒತ್ತಿದಾಗ 0.0087 ಬಂದು ಗಾಬರಿಯಾದಳು. ಅದು ಡಿಗ್ರಿಯಲ್ಲಿತ್ತು. ರೇಡಿಯನ್‌ಗೆ ಬದಲಿಸಿದರೆ 0.4794. ಸಣ್ಣ x ಗೆ ಉತ್ತರ x ನ ಹತ್ತಿರವೇ ಬಾರದಿದ್ದರೆ ಮೊದಲು ಇದನ್ನೇ ನೋಡಬೇಕು.

ಕೊನೆಗೆ ಆರ್ಯಭಟನ ಕೋಷ್ಟಕ ತೋರಿಸಿದೆವು. ಅಲ್ಲಿ ತ್ರಿಜ್ಯ 3438, ಕಂಸವೂ ಜ್ಯಾವೂ ಕಲೆಗಳಲ್ಲಿ. ಕಂಸ 225 ಕಲೆ ಹೆಚ್ಚಿದಂತೆ ಜ್ಯಾ ಹೆಚ್ಚುವುದು 225, ಬಳಿಕ 224, ಬಳಿಕ 222. ಕಂಸ 450 ಆದಾಗ ಜ್ಯಾ 449, 675 ಆದಾಗ 671, ಪೂರ್ತಿ 5400 ಆಗುವಾಗ 3438 ಮಾತ್ರ. ಅವಳ ಕಣ್ಣು ಮೊದಲ ಸಾಲಿನಲ್ಲೇ ನಿಂತಿತು. "ಇಲ್ಲಿ ಕಂಸ 225, ಜ್ಯಾವೂ 225. ಸಮ ಆಯಿತಲ್ಲ ಮಾಷ್ಟ್ರೇ?"

ಲೆಕ್ಕ ಹಾಕು ಎಂದೆವು. ಹಾಕಿದಳು: 224.86. ಪೂರ್ಣಸಂಖ್ಯೆಗೆ ತಂದಾಗ ಆ ಚೂರು ಮರೆಯಾಗಿದೆ, ಅಷ್ಟೇ. ಈ ಸಲ ಚಹಾ ಬಿಸಿ ಇರುವಾಗಲೇ ಕುಡಿದೆವು.