ಬ್ಯಾರಿಕೇಡ್ ಮುಂದಿನ ಮೂವತ್ತು ಸೆಕೆಂಡು

ಬೈಕ್ ಇಟ್ಟುಕೊಂಡಿರುವ ಹುಡುಗರ ಹಾಸ್ಟೆಲ್‌ನಲ್ಲಿ ಪೊಲೀಸ್ ಚೆಕಿಂಗ್ ಕಥೆಗಳಿಗೆ ಬರವಿಲ್ಲ. ರಾತ್ರಿ ಹತ್ತಾದರೆ ಸಾಕು, "ಮೇನ್ ರೋಡಲ್ಲಿ ಹಿಡೀತಿದಾರೆ, ಒಳಗಡೆ ರೋಡಲ್ಲಿ ಬನ್ರೋ" ಅಂತ ಗ್ರೂಪಲ್ಲಿ ಮೆಸೇಜ್ ಬೀಳುತ್ತೆ. ಲೈಸೆನ್ಸ್, ಹೆಲ್ಮೆಟ್, ಇನ್ಶೂರೆನ್ಸ್ ಎಲ್ಲಾ ಇದ್ದವರೂ ಹಾಗೇ ಸುತ್ತು ಹಾಕಿ ಬರ್ತಾರೆ. ಕಾರಣ ಕೇಳಿದರೆ, "ಮಾತಾಡೋಕೆ ಭಯ ಮಗಾ" ಅನ್ನೋದೇ ಉತ್ತರ. ನಾವು ನಾಲ್ಕು ಜನ ಎರಡು ಬೈಕಲ್ಲಿ ಮೂರು ವರ್ಷದಿಂದ ಓಡಾಡ್ತಿದ್ದೀವಿ, ಸಾಕಷ್ಟು ಸಲ ನಿಂತಿದ್ದೀವಿ. ಅಲ್ಲಿ ಮಾತು ಯಾವ ಕಡೆ ಹೋಗುತ್ತೆ ಅನ್ನೋದು ಹೆಚ್ಚಾಗಿ ಮೊದಲ ಮೂವತ್ತು ಸೆಕೆಂಡಲ್ಲೇ ತೀರ್ಮಾನ ಆಗಿಬಿಡುತ್ತೆ, ಮತ್ತು ಅದರಲ್ಲಿ ಅರ್ಧ ನಾವು ಬಾಯಿ ಬಿಡೋ ಮೊದಲೇ ಮುಗಿದಿರುತ್ತೆ ಅಂತ ನಮಗೆ ಅರ್ಥವಾಗಿದೆ.

ಒಂದು ನಿಮಿಷ ಅವರ ಜಾಗದಲ್ಲಿ ನಿಂತು ನೋಡಿ. ರಾತ್ರಿ, ರಸ್ತೆ ಮಧ್ಯೆ, ರಿಫ್ಲೆಕ್ಟರ್ ಜಾಕೆಟ್ ಹಾಕಿಕೊಂಡು ನಿಂತಿರೋ ಮನುಷ್ಯನಿಗೆ ಎದುರಿಂದ ಕಾಣೋದು ಕಣ್ಣಿಗೆ ಹೊಡೆಯೋ ಒಂದು ಹೆಡ್‌ಲೈಟ್ ಮಾತ್ರ. ಅದರ ಹಿಂದೆ ಇರೋನು ಸ್ಟೂಡೆಂಟಾ, ಕುಡಿದವನಾ, ಗಾಡಿ ಕದ್ದು ಬಂದವನಾ, ಗೊತ್ತಾಗಲ್ಲ. ಆ ಬೆಳಕು ನಿಧಾನ ಆಗುತ್ತಾ, ಇಲ್ಲಾ ಪಕ್ಕಕ್ಕೆ ನುಗ್ಗುತ್ತಾ ಅನ್ನೋದೊಂದೇ ಅವರ ಲೆಕ್ಕ. ಬ್ಯಾರಿಕೇಡ್ ಕಂಡ ತಕ್ಷಣ ಬ್ರೇಕ್ ಒತ್ತಿ ಯು ಟರ್ನ್ ಹೊಡೆಯೋನಿಗೇ ಮೊದಲು ಕೈ ಅಡ್ಡ ಬರೋದು ಅದಕ್ಕೇ.

ಅದಕ್ಕೆ ನಮ್ಮ ನಮಸ್ಕಾರ ಐವತ್ತು ಮೀಟರ್ ದೂರದಿಂದಲೇ ಶುರುವಾಗುತ್ತೆ. ಹೈ ಬೀಮ್ ಇದ್ದರೆ ಡಿಪ್ ಮಾಡ್ತೀವಿ. ಎಡಗಡೆ ಇಂಡಿಕೇಟರ್ ಹಾಕಿ ವೇಗ ಇಳಿಸ್ತೀವಿ. ಅವರು ತೋರಿಸಿದ ಜಾಗಕ್ಕೆ, ಹಿಂದಿನ ಗಾಡಿಗೆ ಅಡ್ಡ ಆಗದ ಹಾಗೆ ಪೂರ್ತಿ ಎಡಕ್ಕೆ ನಿಲ್ಲಿಸ್ತೀವಿ. ಅವರು ಹತ್ತಿರ ಬರೋ ಮೊದಲೇ ಇಂಜಿನ್ ಆಫ್, ಸ್ಟ್ಯಾಂಡ್ ಹಾಕಿ, ಹೆಲ್ಮೆಟ್ ವೈಸರ್ ಮೇಲಕ್ಕೆ. ಚೆಕಿಂಗಲ್ಲಿ "ಕೀ ಕಿತ್ಕೊಂಡ್ರು" ಅನ್ನೋ ಜಗಳಗಳಲ್ಲಿ ಬಹಳಷ್ಟು ಶುರುವಾಗೋದು ಗಾಡಿ ಇನ್ನೂ ಗುರ್ ಅಂತಿರುವಾಗ. ನಾವೇ ಆಫ್ ಮಾಡಿದರೆ ಆ ಕೈ ಕೀ ಕಡೆ ಬರೋಕೆ ಕಾರಣವೇ ಇರಲ್ಲ. ಹಿಂದೆ ಕೂತವನು ಮೊಬೈಲ್ ತೆಗೆದು ವಿಡಿಯೋ ಶುರು ಮಾಡೋದು, ಇಯರ್‌ಫೋನ್ ಕಿವಿಯಲ್ಲೇ ಇಟ್ಕೊಂಡು "ಹಾಂ?" ಅನ್ನೋದು ಬೇಡ.

ಆಮೇಲೆ ಮಾತು. "ನಮಸ್ಕಾರ ಸರ್." ಮಹಿಳಾ ಅಧಿಕಾರಿ ಇದ್ದರೆ "ನಮಸ್ಕಾರ ಮೇಡಂ." ಅಷ್ಟೇ, ನಂತರ ಅವರು ಕೇಳೋವರೆಗೂ ಸುಮ್ಮನೆ. ನಮ್ಮಲ್ಲಿ ಹುಬ್ಬಳ್ಳಿಯವನೊಬ್ಬ "ನಮಸ್ಕಾರ್ರೀ ಸಾಹೇಬ್ರ" ಅಂತಾನೆ, ಅದೂ ಚೆನ್ನಾಗೇ ನಡೆಯುತ್ತೆ, ಯಾಕಂದ್ರೆ ಅವನು ಮನೆಯಲ್ಲೂ ಹಾಗೇ ಮಾತಾಡೋನು. "ಅಂಕಲ್", "ಗುರೂ", "ಬಾಸ್" ಇವು ಕ್ಯಾಂಟೀನಿಗೇ ಇರಲಿ. ಕೈ ಮುಗಿದು "ಬಿಟ್ಬಿಡಿ ಸರ್ ಪ್ಲೀಸ್" ಅಂತ ಶುರು ಮಾಡೋದು ಇನ್ನೂ ಕೆಟ್ಟದ್ದು. ಇನ್ನೂ ಏನೂ ಕೇಳದವರ ಮುಂದೆ ತಪ್ಪು ಒಪ್ಪಿಕೊಂಡ ಹಾಗಾಗುತ್ತೆ. "ನಮ್ಮನ್ನೇ ಯಾಕೆ ಹಿಡೀತೀರಾ?" ಅನ್ನೋದಕ್ಕೆ ಉತ್ತರ ಕಾನೂನಲ್ಲೇ ಇದೆ. 1988ರ ಮೋಟಾರು ವಾಹನ ಕಾಯ್ದೆಯ 130ನೇ ಸೆಕ್ಷನ್ ಪ್ರಕಾರ ಸಮವಸ್ತ್ರದಲ್ಲಿರೋ ಪೊಲೀಸ್ ಅಧಿಕಾರಿ ಕೇಳಿದರೆ ಲೈಸೆನ್ಸ್ ತೋರಿಸಲೇಬೇಕು. ಸಮವಸ್ತ್ರ ಇಲ್ಲದವರು ನಿಲ್ಲಿಸಿದರೆ "ಸರ್, ತಾವು ಯಾವ ಠಾಣೆಯವರು?" ಅಂತ ಅದೇ ದನಿಯಲ್ಲಿ ಕೇಳಬಹುದು.

ಡಾಕ್ಯುಮೆಂಟ್ ಕೇಳಿದಾಗ ಜೇಬಿಗೆ ಕೈ ಹಾಕೋ ಮೊದಲು "ಡಿಜಿಲಾಕರ್‌ನಲ್ಲಿದೆ ಸರ್, ತೋರಿಸ್ತೀನಿ" ಅಂತ ಹೇಳಿ ತೆಗೀರಿ. ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿರೋ ಡಿಎಲ್, ಆರ್‌ಸಿ ಕಾರ್ಡಿನಷ್ಟೇ ಮಾನ್ಯ. ಗ್ಯಾಲರಿಯಲ್ಲಿರೋ ಕಾರ್ಡಿನ ಫೋಟೋಗೆ ಆ ಬೆಲೆ ಇಲ್ಲ. ಒಂದೇ ತೊಂದರೆ, ಅಂಡರ್‌ಪಾಸ್ ಪಕ್ಕ ನೆಟ್‌ವರ್ಕ್ ಸಿಗಲ್ಲ, ಓಟಿಪಿ ಬರಲ್ಲ, ಚಾರ್ಜ್ ಎರಡು ಪರ್ಸೆಂಟ್ ಇರುತ್ತೆ. ಆಗ ನಾವು ಗಾಬರಿ ಆಗ್ತೀವಿ, ಗಾಬರಿ ನೋಡಿ ಅವರಿಗೆ ಅನುಮಾನ ಬರುತ್ತೆ. ಹೀಗಾಗಿ ಒರಿಜಿನಲ್ ಡಿಎಲ್ ಪರ್ಸಲ್ಲೇ ಇಟ್ಕೊಳ್ಳೋ ಅಭ್ಯಾಸ ಮಾಡಿಕೊಂಡಿದ್ದೀವಿ.

ಇಷ್ಟೆಲ್ಲಾ ನಯ ನಿಜವಾಗಿ ಕೆಲಸಕ್ಕೆ ಬಂದದ್ದು ಹೋದ ಸೆಮಿಸ್ಟರ್‌ನಲ್ಲಿ. ಪ್ರಾಜೆಕ್ಟ್ ಕೆಲಸ ಮುಗಿಸಿ ರಾತ್ರಿ ಬರ್ತಿದ್ವಿ. ನಮಸ್ಕಾರ, ಡಿಎಲ್, ಆರ್‌ಸಿ ಎಲ್ಲಾ ಆಯ್ತು. ಎಎಸ್‌ಐ ಒಬ್ಬರು ಗಾಡಿ ನಂಬರ್ ಮಷೀನಿಗೆ ಹಾಕಿದರು. "ಹಳೇ ಕೇಸ್ ಒಂದಿದೆ, ಹೆಲ್ಮೆಟ್ ಇಲ್ಲ. ಐನೂರು ಕಟ್ಟಿ" ಅಂದರು. ಬೈಕ್ ನಮ್ಮ ಜೊತೆಯವನ ಅಪ್ಪನ ಹೆಸರಲ್ಲಿದೆ, ತಿಂಗಳ ಕೊನೆ, ಮೂರು ಜನರ ಜೇಬು ಸೇರಿಸಿದರೂ ಐನೂರು ಆಗ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಅವರು ಹೇಳಿದ ಸಿಗ್ನಲ್ ಕಡೆಗೆ ಆ ಬೈಕ್ ಹೋದದ್ದೇ ಇಲ್ಲ. ಹಿಂದಿದ್ದವನು "ಸುಳ್ಳು ಕೇಸ್" ಅಂತ ಬಾಯಿ ತೆಗೆಯೋದರಲ್ಲಿದ್ದ, ಬೈಕಿನವನು ಅವನ ತೊಡೆ ತಟ್ಟಿ ಸುಮ್ಮನಿರಿಸಿದ.

"ಸರ್, ಫೋಟೋ ಇದ್ದರೆ ಒಂದ್ಸಲ ನೋಡಬಹುದಾ?"

ಅವರು ಮಷೀನ್ ತಿರುಗಿಸಿ ತೋರಿಸಿದರು. ಫೋಟೋದಲ್ಲಿದ್ದದ್ದು ಸ್ಕೂಟರ್. ನಮ್ಮದು ಗೇರ್ ಬೈಕ್. ಮಡ್ಡು ಮೆತ್ತಿದ ನಂಬರ್ ಪ್ಲೇಟಲ್ಲಿ 8 ಇದ್ದದ್ದು 3 ಅಂತ ಓದಿಕೊಂಡಿತ್ತು. "ಸರ್, ಇದು ಸ್ಕೂಟರ್ ಅಲ್ವಾ? ಆರ್‌ಸಿಯಲ್ಲಿ ನಮ್ಮದು ಮೋಟಾರ್‌ಸೈಕಲ್ ಅಂತಿದೆ ನೋಡಿ." ಅವರು ಫೋಟೋ ದೊಡ್ಡದು ಮಾಡಿದರು, ಬೈಕ್ ನೋಡಿದರು, ಮತ್ತೆ ಫೋಟೋ ನೋಡಿದರು. "ಹೌದಲ್ಲಯ್ಯಾ. ನಾನು ಇಲ್ಲಿಂದ ತೆಗೆಯೋಕಾಗಲ್ಲ. ಆರ್‌ಸಿ ಕಾಪಿ, ಗಾಡಿ ಫೋಟೋ ತಗೊಂಡು ಸ್ಟೇಷನ್ನಿಗೆ ಹೋಗಿ ಅರ್ಜಿ ಕೊಡು" ಅಂದರು. ದಂಡ ಕಟ್ಟಿಸಿಕೊಳ್ಳಲಿಲ್ಲ. ಎರಡು ವಾರದಲ್ಲಿ ಆ ಕೇಸ್ ಹೋಯ್ತು.

"ಸುಳ್ಳು ಕೇಸ್" ಅಂದಿದ್ದರೆ ಅದು ಎದುರಿಗಿದ್ದ ಮನುಷ್ಯನ ಮೇಲೆ ಆರೋಪ ಆಗ್ತಿತ್ತು. ಅವರು ತಮ್ಮನ್ನು ಸಮರ್ಥಿಸಿಕೊಳ್ಳೋಕೆ ನಿಲ್ತಿದ್ದರು, ಫೋಟೋ ಯಾರೂ ನೋಡ್ತಿರಲಿಲ್ಲ. "ನೋಡಬಹುದಾ" ಅಂದದ್ದಕ್ಕೆ ಇಬ್ಬರೂ ಒಂದೇ ಕಡೆ ನಿಂತು ಒಂದೇ ಸ್ಕ್ರೀನ್ ನೋಡೋ ಹಾಗಾಯ್ತು.

ಆದರೆ ಮರ್ಯಾದೆಯಿಂದ ಮಾತಾಡಿದ್ದಕ್ಕೆ ದಂಡ ಮಾಫ್ ಆಗುತ್ತೆ ಅಂತ ಯಾರೂ ಅಂದ್ಕೋಬೇಡಿ. ಹೆಲ್ಮೆಟ್ ಇಲ್ಲ ಅಂದ್ರೆ ಇಲ್ಲ, ಕಟ್ಟಿ, ರಸೀದಿ ಕೇಳಿ ತಗೊಳ್ಳಿ. ರಸೀದಿ ಇಲ್ಲ, ಇಷ್ಟು ಕೊಟ್ಟು ಹೋಗಿ ಅಂದರೆ, "ಚಲನ್ ಹಾಕಿ ಸರ್, ಕಟ್ತೀವಿ" ಅನ್ನೋ ಒಂದೇ ವಾಕ್ಯ ಸಾಕು. ತಪ್ಪು ನಮ್ಮದಲ್ಲ ಅನ್ನಿಸಿದರೆ ಅಲ್ಲೇ ಕಟ್ಟಬೇಕಂತಿಲ್ಲ, ಕೋರ್ಟಲ್ಲಿ ಹೇಳ್ಕೋಬಹುದು. ಕುಡಿದು ಓಡಿಸಿದವನಿಗಂತೂ ಯಾವ ನಮಸ್ಕಾರವೂ ಸಹಾಯ ಮಾಡಲ್ಲ. 100 ಮಿಲಿ ಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಸಿಕ್ಕಿದರೆ ಅದು ರಸ್ತೆಯಲ್ಲಿ ಮುಗಿಯೋ ವಿಷಯ ಅಲ್ಲ, ಕೋರ್ಟಿಗೇ ಹೋಗುತ್ತೆ.

ಹೊರಡುವಾಗ ಇನ್ನೊಂದು ಮಾತು ಬಾಕಿ ಇರುತ್ತೆ. ನಮ್ಮಲ್ಲಿ "ಹೋಗ್ತೀವಿ" ಅನ್ನೋ ರೂಢಿ ಇಲ್ಲವಲ್ಲ, ನಾವು "ಬರ್ತೀವಿ ಸರ್" ಅಂತೀವಿ. ಒಂದ್ಸಲ ವಯಸ್ಸಾದ ಕಾನ್‌ಸ್ಟೇಬಲ್ ಒಬ್ಬರು ಅದಕ್ಕೆ ನಕ್ಕು, "ಇಲ್ಲಿಗೆ ಮತ್ತೆ ಬರಬೇಡ್ರಪ್ಪಾ, ಸೀದಾ ರೂಮಿಗೆ ಹೋಗಿ ಮಲ್ಕೊಳ್ಳಿ" ಅಂದಿದ್ದರು.