ಬಾಡಿಗಿ ಕೊಡದ ಮನಿಗೂ ಟ್ಯಾಕ್ಸ್!

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ನೌಕರಿ ಅಂದ್ರೆ ಎಷ್ಟೋ ಮಂದಿಗೆ ಕ್ವಾರ್ಟರ್ಸ್ ಮನೆಯೂ ಸಿಗುತ್ತದೆ. ನಾವೂ ಅಂಥ ಮನೆಯಲ್ಲೇ ಇದ್ದೇವೆ. 2025ರ ಜನವರಿಯಲ್ಲಿ ನಮ್ಮವರು ಟ್ಯಾಕ್ಸ್ ಲೆಕ್ಕದ ಹಾಳೆ ತಂದಾಗ ಅದರಲ್ಲಿ ‘ಪರ್ಕ್ವಿಸಿಟ್ 81,000’ ಅಂತ ಇತ್ತು. ಅತ್ತೆಯವರು ಕೇಳಿದ್ದು ಒಂದೇ ಮಾತು: “ಕೈಗೆ ಬರದ ರೊಕ್ಕಕ್ಕ ಟ್ಯಾಕ್ಸ್ ಯಾಕೋ ಮಗನ?”

ಮನೆ ಪುಕ್ಕಟೆ ಸಿಕ್ಕರೆ ಅದೂ ಪಗಾರದ ಒಂದು ಭಾಗವೇ. ಕಾಯಿದೆ ಅದನ್ನು ಹಾಗೇ ನೋಡುತ್ತದೆ. ಆದರೆ ಬೆಲೆ ಕಟ್ಟುವಾಗ ಮನೆ ದೊಡ್ಡದೋ ಸಣ್ಣದೋ, ಊರಲ್ಲಿ ಬಾಡಿಗೆ ಎಷ್ಟು ಅಂತ ಕೇಳುವುದಿಲ್ಲ. ಕಾರ್ಖಾನೆಯ ಸ್ವಂತ ಮನೆಯಾದರೆ ಪಗಾರದ ಇಷ್ಟು ಪರ್ಸೆಂಟ್ ಅಂತ ಹಿಡಿಯುತ್ತಾರೆ. ಆ ಪರ್ಸೆಂಟ್ 2011ರ ಜನಗಣತಿಯಲ್ಲಿ ಆ ಊರಿನ ಜನಸಂಖ್ಯೆ ಎಷ್ಟಿತ್ತು ಎಂಬುದರ ಮೇಲೆ ನಿಂತಿದೆ. 40 ಲಕ್ಷ ದಾಟಿದ ಬೆಂಗಳೂರಿನಂಥ ಊರಿಗೆ 10, 15ರಿಂದ 40 ಲಕ್ಷದವರೆಗೆ ಏಳೂವರೆ, ಉಳಿದೆಲ್ಲ ಕಡೆ 5. ಗೋಕಾಕ ಇರಲಿ, ಬೆಳಗಾವಿಗೂ 5 ಪರ್ಸೆಂಟೇ.

ನಮ್ಮವರ ಪಗಾರ ತಿಂಗಳಿಗೆ 90,000, ವರ್ಷಕ್ಕೆ 10,80,000. ಅದರ 5 ಪರ್ಸೆಂಟ್ ಅಂದ್ರೆ 54,000. ಮನೆಯಲ್ಲಿ ಕಾರ್ಖಾನೆಯವರು ಕೊಟ್ಟ ಮಂಚ, ಫ್ರಿಜ್, ಏಸಿ ಇವೆ. ಅವುಗಳ ಖರೀದಿ ಬೆಲೆ 60,000, ವರ್ಷಕ್ಕೆ ಅದರ ಹತ್ತು ಪರ್ಸೆಂಟ್ ಅಂದ್ರೆ 6,000 ಕೂಡಿಸಬೇಕು. ತಿಂಗಳಿಗೆ 500ರಂತೆ ಮನೆಗೆಂದು ನಮ್ಮ ಪಗಾರದಿಂದ ಹಿಡಿದುಕೊಳ್ಳುವ 6,000 ಕಳೆಯಬೇಕು. ಕೂಡಿ ಕಳೆದರೆ ಮತ್ತೆ 54,000ಕ್ಕೇ ಬಂತು.

ಹಾಗಾದರೆ 81,000 ಎಲ್ಲಿಂದ ಬಂತು? ಹಳೇ ನಿಯಮದಲ್ಲಿ ಸಣ್ಣ ಊರಿಗೆ ಏಳೂವರೆ ಪರ್ಸೆಂಟ್ ಇತ್ತು. 2023ರ ಸೆಪ್ಟೆಂಬರ್ 1ರಿಂದ ಅದು 5 ಆಯಿತು. ಪಗಾರದ ಸಾಫ್ಟ್‌ವೇರ್‌ನಲ್ಲಿ ಹಳೇ ದರವೇ ಉಳಿದಿತ್ತು. 27,000 ಹೆಚ್ಚಿಗೆ ಹಿಡಿದಿದ್ದರು. 2024-25ರ ಹೊಸ ಪದ್ಧತಿಯಲ್ಲಿ ನಮ್ಮ ಆದಾಯಕ್ಕೆ 15 ಪರ್ಸೆಂಟ್ ತೆರಿಗೆ, ಅದರ ಮೇಲೆ 4 ಪರ್ಸೆಂಟ್ ಸೆಸ್ ಸೇರಿ 4,212 ರೂಪಾಯಿ ಸುಮ್ಮನೆ ಹೋಗುತ್ತಿತ್ತು. ನಮ್ಮವರು ಲೆಕ್ಕ ಬರೆದು ತೋರಿಸಿದರು, ಆಫೀಸಿನವರು ಫೆಬ್ರುವರಿ ಪಗಾರದಲ್ಲೇ ಸರಿಮಾಡಿದರು.

“ಕ್ವಾರ್ಟರ್ಸ್ ಬಿಟ್ಟು ಹುಕ್ಕೇರಿಯೊಳಗ ಬಾಡಿಗಿ ಮನಿ ಮಾಡೂಣೇನ್ರೀ?” ಅಂತ ಒಮ್ಮೆ ನಾನೇ ಕೇಳಿದ್ದೆ. ಮನೆ ಬದಲಿಗೆ ತಿಂಗಳಿಗೆ 9,000 ಬಾಡಿಗೆ ಭತ್ಯೆ ಕೊಟ್ಟರೆ, ಹೊಸ ಪದ್ಧತಿಯಲ್ಲಿ ಅದಕ್ಕೆ ವಿನಾಯಿತಿ ಇಲ್ಲ. 2024-25ರ ದರದಲ್ಲಿ ವರ್ಷದ 1,08,000ಕ್ಕೆ 16,848 ತೆರಿಗೆ ಕಟ್ಟಿ, ಮೇಲೆ ಬಾಡಿಗೆಯನ್ನೂ ಕೊಡಬೇಕಿತ್ತು. ಕ್ವಾರ್ಟರ್ಸ್‌ಗೆ ತೆರಿಗೆ 8,424, ತಿಂಗಳಿಗೆ ಸುಮಾರು 700 ಅಷ್ಟೇ ಇತ್ತು. ಹಳೇ ಪದ್ಧತಿ ಆರಿಸಿಕೊಂಡವರಿಗೆ ಭತ್ಯೆಯ ವಿನಾಯಿತಿ ಇರುವುದರಿಂದ ಲೆಕ್ಕ ಬೇರೆ.

ನಿಮ್ಮ ಮನೆಯಲ್ಲೂ ಕ್ವಾರ್ಟರ್ಸ್ ನೌಕರಿ ಇದ್ದರೆ, 2024-25ರ ಫಾರ್ಮ್ 16ರ ಜೊತೆ ಬಂದ 12ಬಿಎ ಹಾಳೆ ತೆಗೆದು ನೋಡಿ. ಮನೆಯ ಬೆಲೆ ಎಷ್ಟು ಹಿಡಿದಿದ್ದಾರೆ, ನಿಮ್ಮಿಂದ ಹಿಡಿದುಕೊಂಡ ಬಾಡಿಗೆ ಕಳೆದಿದ್ದಾರೋ ಇಲ್ಲೋ, ಎರಡೂ ಅದರಲ್ಲೇ ಕಾಣುತ್ತವೆ.