ಮೂರು ಸಲವೂ 9.80

ಬಿ.ಎಸ್ಸಿ. ವಿದ್ಯಾರ್ಥಿಗಳ ಟೈಟ್ರೇಶನ್ ರೆಕಾರ್ಡು ತಿದ್ದುವಾಗ ನಾನು ಮೊದಲು ತೆರೆಯುವುದು ಕೊನೆಯ ಪುಟ. 'ದೋಷದ ಮೂಲಗಳು' ಎಂಬಲ್ಲಿ ಹೆಚ್ಚಿನವರು ಬರೆಯುವುದು 'ಮಾನವ ದೋಷ' ಎಂದಷ್ಟೆ. ಜಾಣ ನುಣುಚಿಕೆ!

ಒಂದು ರೆಕಾರ್ಡು ನೋಡಿ. ಫ್ಲಾಸ್ಕಿನಲ್ಲಿ 0.0500 ಮೋಲಾರ್ ಆಕ್ಸಾಲಿಕ್ ಆಮ್ಲ, 10 ಮಿ.ಲೀ. ಬ್ಯುರೆಟ್ಟಿನಲ್ಲಿ ಸೋಡಿಯಂ ಹೈಡ್ರಾಕ್ಸೈಡ್. ಕೋಷ್ಟಕದಲ್ಲಿ ಆರಂಭದ ರೀಡಿಂಗ್, ಕೊನೆಯ ರೀಡಿಂಗ್, ವ್ಯತ್ಯಾಸ ಎಲ್ಲವೂ ಅಚ್ಚುಕಟ್ಟು. ವ್ಯತ್ಯಾಸ ಮೂರು ಸಲವೂ 9.80. ಆಮ್ಲದ ಒಂದು ಅಣುವಿಗೆ ಕ್ಷಾರದ ಎರಡು ಬೇಕಾದ್ದರಿಂದ ಲೆಕ್ಕ ಹೀಗೆ:

2 × 0.0500 × 10.00 ÷ 9.80 = 0.102

ಆದರೆ ನಾವು ಕೊಟ್ಟ ದ್ರಾವಣ 0.105 ಮೋಲಾರ್. ಹಾಗಾದರೆ 9.52 ಮಿ.ಲೀ. ಸಾಕಿತ್ತು. ಹೆಚ್ಚಿಗೆ ಹೋದದ್ದು 0.28, ಹನಿಯೊಂದು ಸುಮಾರು 0.05 ಮಿ.ಲೀ. ಎಂದರೆ ಐದಾರು ಹನಿ. ಗುಲಾಬಿ ಬಣ್ಣ ಬಂದ ಮೇಲೆ ಯಾರೂ ಮೂರು ಸಲವೂ ಅಷ್ಟೇ ಹನಿ ಹೆಚ್ಚು ಬಿಡುವುದಿಲ್ಲ. ಮೂರೂ ಒಂದೇ ಆಗಿರುವುದೇ ಇಲ್ಲಿ ಸುಳಿವು. ಬ್ಯುರೆಟ್ಟನ್ನು ನೀರಿನಲ್ಲಿ ಮಾತ್ರ ತೊಳೆದು, ಒಂದೂವರೆ ಮಿ.ಲೀ. ಒಳಗೇ ಉಳಿದಿದ್ದರೆ, 50 ಮಿ.ಲೀ. ಕ್ಷಾರವಷ್ಟೂ ಶೇ. 3ರಷ್ಟು ತೆಳುವಾಗುತ್ತದೆ. ಒಮ್ಮೆ ತುಂಬಿ ಮೂರು ಸಲ ಬಳಸಿದರೆ ಮೂರೂ ರೀಡಿಂಗ್ ಒಟ್ಟಿಗೇ ಏರುತ್ತವೆ.

ಚರ್ಚೆಯಲ್ಲಿ ನನಗೆ ಬೇಕಾದ್ದು ಇಷ್ಟು: ದೋಷ ಯಾವ ದಿಕ್ಕಿಗೆ, ಎಷ್ಟು. ಅನುಮಾನವಿದ್ದರೆ ಬ್ಯುರೆಟ್ಟನ್ನು ಅದೇ ಕ್ಷಾರದಿಂದ ಎರಡು ಸಲ ತೊಳೆದು ಇನ್ನೊಮ್ಮೆ ಮಾಡಿ, 9.50ರ ಆಸುಪಾಸು ಬಂತೇ ನೋಡಿ ಬರೆಯಬಹುದು.